ಮೂಲೆ ಮುಟ್ಟಬೇಕಾದ ರಾಜ

ಹ್ನೆಫಟಾಫ್ಲ್ ಎಂಬ ಹಳೆಯ ಸ್ಕ್ಯಾಂಡಿನೇವಿಯಾದ ಹಲಗೆಯಾಟದಲ್ಲಿ ಎರಡು ಕಡೆಯವರ ಬಲವೂ ಗುರಿಯೂ ಒಂದೇ ಅಲ್ಲ. ಹಲಗೆಯ ನಡುವೆ ಒಬ್ಬ ರಾಜ ಇರುತ್ತಾನೆ. ಅವನ ಸುತ್ತ ಒಂದಿಷ್ಟು ಬಂಟರು, ಅವರ ಸುತ್ತ ನಾಲ್ಕೂ ಅಂಚಿನಲ್ಲಿ ಬಂಟರ ಎರಡರಷ್ಟು ಮುತ್ತಿಗೆಯ ಕಾಯಿಗಳು. ರಾಜನ ಕಡೆಯವರಿಗೆ ಎದುರಾಳಿಯ ಕಾಯಿಗಳನ್ನೆಲ್ಲ ಕಡಿಯುವ ಗೊಡವೆ ಬೇಕಿಲ್ಲ, ರಾಜನೊಬ್ಬ ಹಲಗೆಯ ಯಾವುದಾದರೂ ಒಂದು ಮೂಲೆ ತಲುಪಿದರೆ ಆಟ ಗೆದ್ದಂತೆ. ಮುತ್ತಿಗೆಯವರು ಅದಕ್ಕೆ ಮೊದಲೇ ಅವನನ್ನು ಸುತ್ತುವರಿದು ಹಿಡಿಯಬೇಕು. ನಮ್ಮ ಹುಲಿ-ಕುರಿ ಆಟ ಆಡಿದವರಿಗೆ ಈ ಅಸಮಾನ ಹೋರಾಟದ ರುಚಿ ಗೊತ್ತಿರುತ್ತದೆ. ಆದರೆ ಅಲ್ಲಿಯ ಹುಲಿ ಕುರಿಗಳ ಮೇಲೆ ಹಾರಿ ತಿನ್ನುತ್ತದೆ, ಇಲ್ಲಿಯ ರಾಜ ಯಾರ ಮೇಲೂ ಹಾರುವಂತಿಲ್ಲ. ಅವನಿಗೆ ದಾರಿ ಬೇಕು.

ಟಾಫ್ಲ್ ಎಂದು ಒಟ್ಟಾಗಿ ಕರೆಯುವ ಈ ಆಟಗಳು ಉತ್ತರ ಯೂರೋಪಿನಲ್ಲಿ ಚದುರಂಗ ಬಂದು ನೆಲೆಯೂರುವ ಮೊದಲು ಹಲವು ಕಡೆ ಬಳಕೆಯಲ್ಲಿದ್ದವು. ಹಲಗೆಯ ಅಳತೆಯೂ ಕಾಯಿಗಳ ಸಂಖ್ಯೆಯೂ ಊರಿಂದೂರಿಗೆ ಬೇರೆ. ನಿಯಮಗಳನ್ನು ಕಣ್ಣಾರೆ ಕಂಡು ಬರೆದಿಟ್ಟವರು ಬಹಳ ಕಡಿಮೆ. ಅವರಲ್ಲಿ ಮುಖ್ಯನಾದವನು ಗಿಡಮರಗಳಿಗೆ ಎರಡು ಪದದ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಕಾರ್ಲ್ ಲಿನೇಯಸ್. 1732ರಲ್ಲಿ ಲ್ಯಾಪ್‌ಲ್ಯಾಂಡಿನಲ್ಲಿ ಸುತ್ತಾಡುವಾಗ ಅವನು ಅಲ್ಲಿಯ ಸಾಮಿ ಜನರು ಒಂಬತ್ತು ಮನೆ ಅಗಲ, ಒಂಬತ್ತು ಮನೆ ಉದ್ದದ ಹಲಗೆಯ ಮೇಲೆ ಟಾಬ್ಲುಟ್ ಆಡುವುದನ್ನು ನೋಡಿ ದಿನಚರಿಯಲ್ಲಿ ಬರೆದುಕೊಂಡ. ಆ ಆಟದಲ್ಲಿ ರಾಜ ಹಲಗೆಯ ಅಂಚು ಮುಟ್ಟಿದರೆ ಸಾಕಿತ್ತು. ರಾಜನಿಗೆ ಒಂದು ದಾರಿ ತೆರೆದಾಗ ಆಟಗಾರ ‘ರೈಚಿ’ ಎಂದೂ ಎರಡು ದಾರಿ ಒಟ್ಟಿಗೆ ತೆರೆದಾಗ ‘ತುಯಿಚು’ ಎಂದೂ ಕೂಗಿ ಹೇಳುತ್ತಿದ್ದನಂತೆ. ಒಂದು ದಾರಿಯಾದರೆ ಅಡ್ಡ ನಿಲ್ಲಬಹುದು, ಎರಡಾದರೆ ಕಥೆ ಮುಗಿಯಿತು.

ಐರ್ಲೆಂಡಿನ ಬ್ಯಾಲಿಂಡೆರಿಯಲ್ಲಿ 1932ರಲ್ಲಿ ಸಿಕ್ಕಿದ ಮರದ ಹಲಗೆಯೊಂದು ಬೇರೆ ಸುಳಿವು ಕೊಡುತ್ತದೆ. ಅದರಲ್ಲಿ ಕಾಯಿಗಳ ಕಡ್ಡಿ ಚುಚ್ಚಲು ಏಳು ಸಾಲು, ಸಾಲಿಗೆ ಏಳರಂತೆ ರಂಧ್ರಗಳಿವೆ. ನಟ್ಟನಡುವಿನ ರಂಧ್ರಕ್ಕೂ ನಾಲ್ಕು ಮೂಲೆಗಳಿಗೂ ಬೇರೆಯಾಗಿ ಗುರುತು ಕೆತ್ತಿದ್ದಾರೆ. ಮೂಲೆಗೆ ವಿಶೇಷ ಪಾತ್ರವಿದ್ದ ಆಟವೂ ಇತ್ತೆಂದು ಊಹಿಸಲು ಇಂಥ ಹಲಗೆಗಳೇ ಆಧಾರ. ಇಂದು ಆಡುವವರಲ್ಲಿ ಅನೇಕರು ಅನುಸರಿಸುವುದು ಈಚೆಗೆ ಕಟ್ಟಿದ ನಿಯಮಾವಳಿಗಳನ್ನು. 2008ರಲ್ಲಿ ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಸಮೂಹದ ಫೆಟ್ಲಾರ್ ದ್ವೀಪದ ಹೆಸರಿನಲ್ಲಿ ಒಂದು ನಿಯಮಾವಳಿ ಬಂತು. ಅದನ್ನೇ ತಿದ್ದಿ ಬೆಳೆಸಿದ ಕೋಪನ್‌ಹೇಗನ್ ನಿಯಮ 2012ರದು. ಈ ಎರಡರಲ್ಲೂ ರಾಜನ ಗುರಿ ಮೂಲೆಯೇ. ಮುಂದಿನ ವಿವರವೆಲ್ಲ ಕೋಪನ್‌ಹೇಗನ್ ನಿಯಮಕ್ಕೆ ಸೇರಿದ್ದು.

ಹಲಗೆ ಹನ್ನೊಂದು ಮನೆ ಅಗಲ, ಹನ್ನೊಂದು ಮನೆ ಉದ್ದ. ವಿವರಣೆಯ ಅನುಕೂಲಕ್ಕೆ ಎಡದಿಂದ ಬಲಕ್ಕೆ ಕಂಬಸಾಲುಗಳನ್ನು ಕ, ಖ, ಗ, ಘ, ಙ, ಚ, ಛ, ಜ, ಝ, ಞ, ಟ ಎಂದು ಕರೆಯಬಹುದು, ಕೆಳಗಿನಿಂದ ಮೇಲಕ್ಕೆ ಅಡ್ಡಸಾಲುಗಳಿಗೆ 1ರಿಂದ 11ರವರೆಗೆ ಸಂಖ್ಯೆ. ಹಾಗಾದರೆ ನಡುವಿನ ಸಿಂಹಾಸನ ಚ6. ನಾಲ್ಕು ಮೂಲೆಗಳು ಕ1, ಕ11, ಟ1, ಟ11. ಆಟ ಶುರುವಾಗುವಾಗ ರಾಜ ಸಿಂಹಾಸನದಲ್ಲಿರುತ್ತಾನೆ, ಹನ್ನೆರಡು ಬಂಟರು ಅವನ ಸುತ್ತ ವಜ್ರಾಕಾರದಲ್ಲಿ ನಿಂತಿರುತ್ತಾರೆ. ಮುತ್ತಿಗೆಯ ಇಪ್ಪತ್ನಾಲ್ಕು ಕಾಯಿಗಳು ಅಂಚಿಗೆ ಆರರಂತೆ ಹಂಚಿಕೊಂಡಿರುತ್ತವೆ. ಕೆಳಗಿನ ಅಂಚಿನಲ್ಲಿ ಘ1ರಿಂದ ಜ1ರವರೆಗೆ ಐದು, ಅವುಗಳ ನಡುವಿನದರ ಮುಂದೆ ಚ2ರಲ್ಲಿ ಒಂದು. ಉಳಿದ ಮೂರು ಅಂಚುಗಳಲ್ಲೂ ಇದೇ ಜೋಡಣೆ. ಮೊದಲ ನಡೆ ಮುತ್ತಿಗೆಯವರದು.

ಎಲ್ಲ ಕಾಯಿಗಳೂ, ರಾಜನೂ ಸೇರಿ, ಚದುರಂಗದ ಆನೆಯಂತೆ ನೇರ ಸಾಲಿನಲ್ಲಿ ಖಾಲಿ ಮನೆಗಳು ಇರುವಷ್ಟು ದೂರ ನಡೆಯುತ್ತವೆ. ಓರೆಯಾಗಿ ಯಾರೂ ನಡೆಯುವಂತಿಲ್ಲ. ಎದುರಾಳಿಯ ಕಾಯಿಯನ್ನು ಎದುರುಬದುರಿನ ಎರಡು ಮನೆಗಳಲ್ಲಿ ನಿಂತು ನಡುವೆ ಸಿಕ್ಕಿಸಿದರೆ ಅದು ಹಲಗೆಯಿಂದ ಹೊರಗೆ. ಈ ಕಡಿತದಲ್ಲಿ ರಾಜನೂ ಕೈಜೋಡಿಸಬಹುದು. ಆದರೆ ಕಾಯಿಯೊಂದು ಇಬ್ಬರು ವೈರಿಗಳ ನಡುವಿನ ಖಾಲಿ ಮನೆಗೆ ತಾನಾಗಿ ಬಂದು ನಿಂತರೆ ಅದಕ್ಕೆ ಅಪಾಯವಿಲ್ಲ, ವೈರಿ ನಡೆದು ಬಂದು ಸಿಕ್ಕಿಸಿದರೆ ಮಾತ್ರ ಕಡಿತ. ಈ ಚಿಕ್ಕ ನಿಯಮವನ್ನು ನೆನಪಿಟ್ಟುಕೊಳ್ಳಬೇಕು, ಮೂಲೆಯ ಬಳಿ ಆಟ ತಿರುಗುವುದು ಇದರ ಮೇಲೆಯೇ.

ಮೂಲೆಯ ಮನೆಗಳಲ್ಲೂ ಸಿಂಹಾಸನದಲ್ಲೂ ನಿಲ್ಲುವ ಹಕ್ಕು ರಾಜನಿಗೊಬ್ಬನಿಗೇ. ಮೂಲೆಯ ಮನೆ ಎಲ್ಲರಿಗೂ ವೈರಿಯಂತೆ ವರ್ತಿಸುತ್ತದೆ, ಅಂದರೆ ಮೂಲೆಗೆ ಅಂಟಿಕೊಂಡು ನಿಂತ ಕಾಯಿಯನ್ನು ಆಚೆ ಕಡೆಯಿಂದ ಒಬ್ಬನೇ ಬಂದು ಕಡಿಯಬಹುದು, ಇನ್ನೊಂದು ಬದಿಯ ಕೆಲಸವನ್ನು ಮೂಲೆಯೇ ಮಾಡುತ್ತದೆ. ರಾಜನನ್ನು ಹಿಡಿಯುವುದು ಇಷ್ಟು ಸುಲಭವಲ್ಲ. ನಾಲ್ಕೂ ಬದಿಯಲ್ಲಿ ಮುತ್ತಿಗೆಯ ಕಾಯಿಗಳು ನಿಲ್ಲಬೇಕು. ಅವನು ಸಿಂಹಾಸನದ ಪಕ್ಕದಲ್ಲಿದ್ದರೆ ಮೂರು ಬದಿ ಸಾಕು, ನಾಲ್ಕನೆಯದು ಸಿಂಹಾಸನದ ಲೆಕ್ಕಕ್ಕೆ. ಅಂಚಿನ ಸಾಲಿನಲ್ಲಿ ನಾಲ್ಕು ಬದಿಗಳೇ ಇಲ್ಲದಿರುವುದರಿಂದ ಅಲ್ಲಿ ನಿಂತ ರಾಜನನ್ನು ಹೀಗೆ ಹಿಡಿಯಲು ಆಗುವುದಿಲ್ಲ.

ಇನ್ನು ಮೂಲೆಯ ವಿಚಾರ. ಓರೆ ನಡೆ ಇಲ್ಲದ ಕಾರಣ ಮೂಲೆಗೆ ಹೋಗುವ ಕೊನೆಯ ನಡೆ ಯಾವಾಗಲೂ ಅಂಚಿನ ಸಾಲಿನ ಮೇಲೆಯೇ ಆಗಬೇಕು. ಹಲಗೆಯ ಒಳಗೆಲ್ಲೋ ನಿಂತ ರಾಜನಿಗೆ ಕನಿಷ್ಠ ಎರಡು ನಡೆ ಬೇಕು: ಅಂಚಿಗೆ ಒಂದು, ಅಲ್ಲಿಂದ ಮೂಲೆಗೆ ಇನ್ನೊಂದು. ಅವೆರಡರ ನಡುವೆ ಮುತ್ತಿಗೆಯವರಿಗೆ ಒಂದೇ ಒಂದು ನಡೆ ಸಿಗುತ್ತದೆ. ರಾಜ ಬಂದು ನಿಂತ ಅಂಚು ಎರಡೂ ತುದಿಯವರೆಗೆ ಖಾಲಿಯಾಗಿದ್ದರೆ ಆ ಒಂದು ನಡೆಯಲ್ಲಿ ಒಂದು ಮೂಲೆಯ ದಾರಿಯನ್ನಷ್ಟೇ ಮುಚ್ಚಬಹುದು, ರಾಜ ಇನ್ನೊಂದಕ್ಕೆ ಹೋಗುತ್ತಾನೆ. ಲಿನೇಯಸ್ ಕೇಳಿದ ‘ತುಯಿಚು’ ಮೂಲೆಯ ಆಟದಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಆಟದ ಆರಂಭದಲ್ಲಿ ಪ್ರತಿ ಅಂಚಿನ ನಡುವೆಯೂ ಐದು ಕಾಯಿಗಳಿರುವುದರಿಂದ ಈ ಭಯವಿಲ್ಲ. ಹೊಸದಾಗಿ ಆಡುವವರು ಮುತ್ತಿಗೆ ಬಿಗಿ ಮಾಡುವ ಆತುರದಲ್ಲಿ ಅಂಚಿನ ಕಾಯಿಗಳನ್ನೆಲ್ಲ ಒಳಕ್ಕೆ ನೂಕುತ್ತಾರೆ. ಹಿಂದೆ ಒಂದು ಅಂಚು ಪೂರ್ತಿ ಬರಿದಾದದ್ದು ರಾಜ ಅಲ್ಲಿಗೆ ಬಂದು ನಿಂತಾಗಲೇ ಅವರ ಕಣ್ಣಿಗೆ ಬೀಳುವುದು.

ಮೂಲೆ ಮುಚ್ಚುವುದಕ್ಕೆ ಎಷ್ಟು ಕಾಯಿ ಬೇಕು? ಕ1 ಮೂಲೆಯನ್ನೇ ನೋಡೋಣ. ಮೊದಲು ಹೊಳೆಯುವ ಉಪಾಯವೆಂದರೆ ಮೂಲೆಗೆ ಅಂಟಿದ ಎರಡು ಮನೆಗಳಲ್ಲಿ, ಅಂದರೆ ಖ1 ಮತ್ತು ಕ2ರಲ್ಲಿ, ಒಂದೊಂದು ಕಾಯಿ ನಿಲ್ಲಿಸುವುದು. ಇದು ಕೆಟ್ಟ ಉಪಾಯ. ಗ1ಕ್ಕೆ ರಾಜನೋ ಬಂಟನೋ ಬಂದ ಕೂಡಲೇ ಖ1ರ ಕಾಯಿ ಅವನಿಗೂ ಮೂಲೆಗೂ ನಡುವೆ ಸಿಕ್ಕಿ ಹೋಗುತ್ತದೆ, ಕ3ಕ್ಕೆ ಬಂದರೆ ಕ2ರದು. ಸರಿಯಾದ ಬೀಗ ಮೂರು ಕಾಯಿಗಳದು, ಓರೆಯಾಗಿ ಹಾಕಿದ್ದು: ಕ3, ಖ2, ಗ1. ನೋಡಲು ಸಡಿಲವಾಗಿ ಕಂಡರೂ ಓರೆಯಾಗಿ ಯಾರೂ ನುಸುಳುವಂತಿಲ್ಲವಾದ್ದರಿಂದ ಇದು ಗೋಡೆಯಷ್ಟೇ ಗಟ್ಟಿ. ಇದನ್ನು ಒಡೆಯುವುದೂ ಅಸಾಧ್ಯ. ಗ1ರ ಕಾಯಿಯನ್ನು ಕಡಿಯಲು ಘ1 ಮತ್ತು ಖ1 ಎರಡರಲ್ಲೂ ನಿಲ್ಲಬೇಕು, ಆದರೆ ಖ1 ಇರುವುದು ಗೋಡೆಯ ಒಳಗೆ. ಖ2ರದನ್ನು ಕಡಿಯಲು ಖ1 ಅಥವಾ ಕ2 ಬೇಕು, ಕ3ರದಕ್ಕೆ ಕ2 ಬೇಕು, ಅವೂ ಒಳಗೇ. ಬೀಗ ಬಿದ್ದ ಮೇಲೆ ಮುತ್ತಿಗೆಯವನು ತಾನಾಗಿ ಒಂದು ಕಾಯಿ ಎತ್ತುವವರೆಗೆ ಆ ಮೂಲೆಯನ್ನು ಮರೆತುಬಿಡಬಹುದು.

ಆರಂಭದ ಜೋಡಣೆಯಿಂದ ಈ ಬೀಗ ಹಾಕಲು ಮೂರೇ ನಡೆ ಸಾಕು. ಚ2ರಲ್ಲಿದ್ದ ಕಾಯಿ ಒಂದೇ ಓಟಕ್ಕೆ ಖ2 ತಲುಪುತ್ತದೆ, ಘ1ರದು ಒಂದು ಮನೆ ಸರಿದು ಗ1ಕ್ಕೆ ಬರುತ್ತದೆ, ಕ4ರದು ಒಂದು ಮನೆ ಇಳಿದು ಕ3ಕ್ಕೆ. ಉಳಿದ ಮೂಲೆಗಳಿಗೂ ಇದೇ ಲೆಕ್ಕ. ಹೀಗೆ ಹನ್ನೆರಡು ಕಾಯಿಗಳು ಹನ್ನೆರಡು ನಡೆಯಲ್ಲಿ ನಾಲ್ಕೂ ಮೂಲೆ ಮುಚ್ಚಬಲ್ಲವು. ಹಾಗಾದರೆ ರಾಜನಿಗೆ ಆಶೆಯೇ ಇಲ್ಲವೇ ಎಂದು ಕೇಳಬಹುದು. ಲೆಕ್ಕದ ಇನ್ನೊಂದು ಮುಖ ಹೀಗಿದೆ: ಆ ಹನ್ನೆರಡು ನಡೆ ನಡೆಯುವಷ್ಟರಲ್ಲಿ ರಾಜನ ಕಡೆಯವರಿಗೂ ಹೆಚ್ಚುಕಡಿಮೆ ಅಷ್ಟೇ ನಡೆಗಳು ಸಿಗುತ್ತವೆ. ಅವರನ್ನು ತಡೆಯಲು ಉಳಿದ ಹನ್ನೆರಡು ಕಾಯಿಗಳಲ್ಲಿ ಒಂದೂ ಅಂಚು ಬಿಟ್ಟು ಕದಲಿರುವುದಿಲ್ಲ. ಅಲ್ಲದೆ ಬೀಗಕ್ಕೆ ಹೋದ ಕಾಯಿಗಳು ರಾಜನನ್ನು ಹಿಡಿಯಲು ಬರುವುದಿಲ್ಲ. ಮೂಲೆ ಮುಚ್ಚಿದರೆ ಸೋಲು ತಪ್ಪುತ್ತದೆಯೇ ಹೊರತು ಗೆಲುವು ಸಿಗುವುದಿಲ್ಲ.

ಅದಕ್ಕೇ ಪಳಗಿದ ಮುತ್ತಿಗೆಗಾರ ನಾಲ್ಕನ್ನೂ ಒಂದೇ ಸಮನೆ ಮುಚ್ಚುತ್ತ ಕೂರುವ ಬದಲು ಆಯ್ಕೆ ಮಾಡಬಹುದು. ಎದುರುಬದುರು ಕರ್ಣದ ಎರಡು ಮೂಲೆಗಳಿಗೆ, ಉದಾಹರಣೆಗೆ ಕ1 ಮತ್ತು ಟ11ಕ್ಕೆ, ಬೀಗ ಬಿದ್ದರೆ ಹಲಗೆಯ ನಾಲ್ಕು ಅಂಚುಗಳಲ್ಲೂ ಒಂದು ತುದಿ ಮುಚ್ಚಿದಂತಾಗುತ್ತದೆ. ಆಮೇಲೆ ರಾಜ ಯಾವ ಅಂಚಿಗೆ ಬಂದರೂ ಎರಡು ಮೂಲೆಗಳ ಬೆದರಿಕೆ ಒಟ್ಟಿಗೆ ಹಾಕಲಾರ. ಆರು ಕಾಯಿಗಳ ಖರ್ಚಿನಲ್ಲಿ ‘ತುಯಿಚು’ವಿನ ಭಯ ಪೂರ್ತಿ ತೀರುತ್ತದೆ. ಅದೇ ಆರು ಕಾಯಿಗಳನ್ನು ಅಕ್ಕಪಕ್ಕದ ಎರಡು ಮೂಲೆಗಳಿಗೆ ಸುರಿದರೆ ಅವುಗಳ ಎದುರಿನ ಅಂಚು ಎರಡೂ ತುದಿಯಲ್ಲಿ ಬಾಯಿ ತೆರೆದುಕೊಂಡೇ ಉಳಿಯುತ್ತದೆ.

ಹೀಗಾದ ಮೇಲೂ ರಾಜ ಒಂದೇ ದಾರಿಯ ಬೆದರಿಕೆಯಿಂದ ಗೆಲ್ಲಬಲ್ಲ. ಅಡ್ಡ ನಿಲ್ಲಬೇಕಾದ ಮನೆಗೆ ಮುತ್ತಿಗೆಯ ಯಾವ ಕಾಯಿಯೂ ಆ ಒಂದು ನಡೆಯಲ್ಲಿ ಬರಲಾಗದಿದ್ದರೆ, ಅಥವಾ ಬಂದ ಕಾಯಿಯೇ ಕಡಿದು ಹೋಗುವಂತಿದ್ದರೆ ಅಲ್ಲಿಗೆ ಆಟ ಮುಗಿಯಿತು. ರಾಜನ ಕಡೆಯವರ ಕೌಶಲದ ಬಹುಪಾಲು ಇಂಥ ಸನ್ನಿವೇಶ ಕಟ್ಟುವುದರಲ್ಲಿದೆ, ಮತ್ತು ಅದನ್ನು ಕಟ್ಟುವವರು ರಾಜನಿಗಿಂತ ಹೆಚ್ಚಾಗಿ ಬಂಟರು. ಒಂದು ನಿರ್ದಿಷ್ಟ ಸ್ಥಿತಿಯನ್ನು ಹಲಗೆಯ ಮೇಲೆ ಇಟ್ಟು ನೋಡಿದರೆ ಇದು ತಿಳಿಯುತ್ತದೆ.

ಆಟ ಬಹಳ ದೂರ ಸಾಗಿದೆ ಎಂದಿಟ್ಟುಕೊಳ್ಳಿ. ಮುತ್ತಿಗೆಯವರು ಕ11, ಟ1, ಟ11 ಈ ಮೂರು ಮೂಲೆಗಳಿಗೆ ಮೂರು ಮೂರು ಕಾಯಿಯ ಬೀಗ ಹಾಕಿದ್ದಾರೆ. ಕ1ರಲ್ಲಿ ಮಾತ್ರ ಇನ್ನೂ ಒಂದೇ ಕಾವಲುಗಾರ, ಖ2ರಲ್ಲಿ. ಕೆಳ ಅಂಚಿನ ಮಿಕ್ಕ ಕಾಯಿಗಳು ರಾಜನನ್ನು ಅಟ್ಟಿಕೊಂಡು ಒಳಗೆ ಹೋಗಿವೆ. ರಾಜ ಘ6ರಲ್ಲಿದ್ದಾನೆ, ಅವನಿಂದ ಕೆಳಕ್ಕೆ ಘ1ರವರೆಗೆ ಮನೆಗಳೆಲ್ಲ ಖಾಲಿ. ಅವನ ಬಂಟರಲ್ಲಿ ಒಬ್ಬ ಖ5ರಲ್ಲಿ, ಇನ್ನೊಬ್ಬ ಗ4ರಲ್ಲಿ ನಿಂತಿದ್ದಾನೆ. ಆ ಇಬ್ಬರಿಗಿಂತ ಕೆಳಗೆ, ಎಡ ಮೂಲೆಯ ಆಸುಪಾಸಿನಲ್ಲಿ, ಖ2ರ ಕಾವಲುಗಾರನನ್ನು ಬಿಟ್ಟರೆ ಮುತ್ತಿಗೆಯ ಕಾಯಿ ಇಲ್ಲ. ಈಗ ರಾಜನ ಕಡೆಯವರ ನಡೆ.

ರಾಜ ಘ6ರಿಂದ ಘ1ಕ್ಕೆ ಇಳಿಯುತ್ತಾನೆ. ಬಲಗಡೆ ಟ1 ಮುಚ್ಚಿದೆ, ಎಡಗಡೆ ಕ1ರವರೆಗೆ ಗ1, ಖ1 ಎರಡೂ ಖಾಲಿ. ಮುಂದಿನ ನಡೆಗೆ ಅವನು ಮೂಲೆಯಲ್ಲಿರುತ್ತಾನೆ, ಆದ್ದರಿಂದ ಮುತ್ತಿಗೆಯವರು ಆ ಎರಡರಲ್ಲಿ ಒಂದು ಮನೆಗೆ ಈಗಲೇ ಕಾಯಿ ತರಬೇಕು. ಗ1ಕ್ಕೆ ಬರುವ ದಾರಿ ಗ ಕಂಬಸಾಲಿನ ಮೇಲಿನಿಂದ. ಅಲ್ಲಿ ಗ11ರಲ್ಲಿ ಅವರದೇ ಬೀಗದ ಕಾಯಿಯೊಂದಿದೆ, ಅಗತ್ಯ ಬಿದ್ದರೆ ಕ11ರ ಬೀಗ ಸಡಿಲವಾದರೂ ಸರಿಯೆಂದು ಅದನ್ನು ಕೆಳಗಿಳಿಸಬಹುದಿತ್ತು. ಆದರೆ ಗ4ರ ಬಂಟ ನಡುವೆ ನಿಂತು ಆ ದಾರಿ ಕತ್ತರಿಸಿದ್ದಾನೆ. ಉಳಿದದ್ದು ಖ1, ಅಲ್ಲಿಗೆ ಬರಬಲ್ಲವನು ಖ2ರ ಕಾವಲುಗಾರನೊಬ್ಬನೇ. ಅವನು ಇಳಿಯುತ್ತಾನೆ.

ಈಗ ರಾಜ ಘ1ರಿಂದ ಒಂದು ಮನೆ ಸರಿದು ಗ1ಕ್ಕೆ ಬರುತ್ತಾನೆ. ಖ1ರ ಕಾವಲುಗಾರ ಒಂದು ಬದಿಯಲ್ಲಿ ರಾಜ, ಇನ್ನೊಂದು ಬದಿಯಲ್ಲಿ ವೈರಿಯಂತೆ ವರ್ತಿಸುವ ಮೂಲೆ, ಇವೆರಡರ ನಡುವೆ ಸಿಕ್ಕಿ ಹಲಗೆ ಬಿಡುತ್ತಾನೆ. ರಾಜನ ದಾರಿ ಮತ್ತೆ ತೆರೆದಿದೆ, ಖ2 ಕೂಡ ಬರಿದಾಗಿದೆ. ಖ1ಕ್ಕೆ ಇನ್ನೊಂದು ಕಾಯಿ ಬರಬೇಕೆಂದರೆ ಖ ಕಂಬಸಾಲಿನ ಮೇಲಿನಿಂದಲೇ ಬರಬೇಕು. ಖ10ರಲ್ಲಿ ಬೀಗದ ಕಾಯಿ ಇದೆ, ಆದರೆ ಖ5ರಲ್ಲಿ ಬಂಟನಿದ್ದಾನೆ. ಮುತ್ತಿಗೆಯವರು ಏನು ನಡೆದರೂ ಮುಂದಿನ ನಡೆಗೆ ರಾಜ ಕ1 ಸೇರುತ್ತಾನೆ.

ಈ ಮೂರು ನಡೆಗಳಲ್ಲಿ ಬಂಟರು ಕದಲಲೇ ಇಲ್ಲ. ಆದರೆ ಅವರಲ್ಲಿ ಯಾರೊಬ್ಬನನ್ನು ತೆಗೆದರೂ ಆಟ ಬೇರೆಯಾಗುತ್ತದೆ. ಗ4 ಖಾಲಿಯಾಗಿದ್ದರೆ ಗ11ರ ಕಾಯಿ ಗ1ಕ್ಕೆ ಧಾವಿಸಿ ನಿಲ್ಲುತ್ತಿತ್ತು. ಖ2ರ ಕಾವಲುಗಾರ ತನ್ನ ಜಾಗದಲ್ಲೇ ಇರುವುದರಿಂದ ಖ1ಕ್ಕೆ ಯಾರೂ ಹೋಗಲಾರರು, ಖ1ಕ್ಕೆ ಹೋಗದೆ ಗ1ರ ಕಾಯಿಯನ್ನು ಕಡಿಯಲಾಗದು. ಖ5 ಖಾಲಿಯಾಗಿದ್ದರೆ ಕಾವಲುಗಾರ ಕಡಿದುಹೋದ ಮೇಲೆ ಖ10ರ ಕಾಯಿ ಇಳಿದು ಖ1ರಲ್ಲಿ ನಿಲ್ಲುತ್ತಿತ್ತು, ತಾನಾಗಿ ಬಂದು ನಿಂತದ್ದರಿಂದ ಅದಕ್ಕೆ ಅಪಾಯವೂ ಇರುತ್ತಿರಲಿಲ್ಲ. ರಾಜ ಹೊರಡುವ ಮೊದಲು ಬಂಟರನ್ನು ಸದ್ದಿಲ್ಲದೆ ಆ ಎರಡು ಕಂಬಸಾಲುಗಳಲ್ಲಿ ನಿಲ್ಲಿಸಿದ ನಡೆಗಳೇ ನಿಜವಾಗಿ ಆಟ ಗೆದ್ದವು. ಎದುರಿಗೆ ಕೂತವನು ಅದನ್ನು ಓದಿಕೊಂಡಿದ್ದರೆ, ಆಗಲೇ ಒಂದು ನಡೆ ಖರ್ಚು ಮಾಡಿ ಗ1ರಲ್ಲಿ ಎರಡನೆಯ ಕಾವಲುಗಾರನನ್ನು ಇಡಬೇಕಿತ್ತು.

ರಾಜ ಎಲ್ಲಿ ನಿಂತ ಎಂಬುದೂ ಅಷ್ಟೇ ಮುಖ್ಯ. ಬೇರೆ ದಾರಿಯಲ್ಲಿ ಬಂದು ಅವನು ಘ1ರ ಬದಲು ಮೊದಲೇ ಗ1ಕ್ಕೆ ಬಂದಿದ್ದರೆ ಮೂಲೆಗೆ ಇನ್ನಷ್ಟು ಹತ್ತಿರವಾದಂತೆ ಕಾಣುತ್ತಿತ್ತು. ಆದರೆ ಆಗಲೂ ಕಾವಲುಗಾರ ಖ1ಕ್ಕೆ ಇಳಿಯುತ್ತಾನೆ, ರಾಜ ಮತ್ತು ಮೂಲೆಯ ನಡುವೆ ತಾನಾಗಿ ಬಂದು ನಿಂತವನಾದ್ದರಿಂದ ಉಳಿದುಕೊಳ್ಳುತ್ತಾನೆ. ರಾಜ ಅವನನ್ನು ಕಡಿಯಬೇಕಾದರೆ ಒಮ್ಮೆ ಹಿಂದೆ ಸರಿದು ಮತ್ತೆ ಬರಬೇಕು. ಹಿಂದೆ ಸರಿದಾಗ ಮುತ್ತಿಗೆಯವರಿಗೆ ಒಂದು ನಡೆ ಪುಕ್ಕಟೆ ಸಿಗುತ್ತದೆ, ಅಷ್ಟರಲ್ಲಿ ಕಾವಲುಗಾರ ಜಾಗ ಬದಲಿಸುತ್ತಾನೆ ಅಥವಾ ನೆರವು ಬರುತ್ತದೆ. ಮೂಲೆಯಿಂದ ಒಂದು ಮನೆ ದೂರ ನಿಂತ ರಾಜ ಹತ್ತಿರ ನಿಂತವನಿಗಿಂತ ಅಪಾಯಕಾರಿ ಆಗುವುದು ಈ ಕಾರಣಕ್ಕೆ.

ಎರಡು ಕಾಯಿಗಳ ಅರೆಬೀಗವೂ ನಂಬುವಂಥದಲ್ಲ. ಕ3 ಮತ್ತು ಖ2ರಲ್ಲಿ ಕಾಯಿಗಳಿದ್ದು ಗ1 ಮಾತ್ರ ತೆರೆದಿದೆ ಎನ್ನಿ. ಆಗ ಒಬ್ಬ ಬಂಟ ಖ3ರಲ್ಲಿ ನಿಂತು ಇನ್ನೊಬ್ಬ ಕೆಳ ಅಂಚಿನಲ್ಲಿ ಜಾರಿ ಖ1ಕ್ಕೆ ಬಂದರೆ ಖ2ರ ಕಾಯಿ ಮೇಲೆ ಕೆಳಗೆ ಸಿಕ್ಕಿ ಹೋಗುತ್ತದೆ. ಅದಕ್ಕೂ ಮೊದಲೇ ಬಂಟನೊಬ್ಬ ಗ1ರಲ್ಲೇ ಹೋಗಿ ಕೂತುಬಿಡುವುದು ಇನ್ನೊಂದು ಉಪಾಯ. ಅವನನ್ನು ಕಡಿಯಲು ಮುತ್ತಿಗೆಯವರು ಘ1 ಮತ್ತು ಖ1 ಎರಡರಲ್ಲೂ ಕಾಯಿ ತರಬೇಕು, ಖ1ಕ್ಕೆ ಹೋಗಲು ಖ2ರ ಕಾವಲುಗಾರನೇ ತನ್ನ ಜಾಗ ಬಿಡಬೇಕು. ಬಂಟ ಸತ್ತರೂ ಬೀಗ ಒಂದೆರಡು ನಡೆ ತಡವಾಗುತ್ತದೆ. ಆಟದ ಮೊದಲ ಹತ್ತು ಹದಿನೈದು ನಡೆಗಳಲ್ಲಿ ರಾಜನನ್ನು ಹೊರಗೆ ತರುವುದಕ್ಕಿಂತ ಒಬ್ಬಿಬ್ಬರು ಬಂಟರನ್ನು ಮೂಲೆಗಳ ಕಡೆ ಕಳಿಸಿ ಬೀಗ ಕೂಡದಂತೆ ಮಾಡುವುದು ಹೆಚ್ಚು ಲಾಭದ ಕೆಲಸ. ಹಾಗೆ ಹೋದವರು ಅಂಚಿನಲ್ಲಿ ಒಬ್ಬರ ಪಕ್ಕ ಒಬ್ಬರು ಸಾಲಾಗಿ ನಿಲ್ಲಬಾರದು. ಅಂಚಿಗೆ ಒತ್ತಿ ನಿಂತ ಇಬ್ಬರು ಅಥವಾ ಹೆಚ್ಚಿನವರ ಎದುರಿಗೆಲ್ಲ ವೈರಿಗಳು ನಿಂತು ಎರಡೂ ತುದಿ ಮುಚ್ಚಿದರೆ ಇಡೀ ಸಾಲು ಒಂದೇ ಏಟಿಗೆ ಹೋಗುತ್ತದೆ, ಮತ್ತು ತುದಿಯ ಕೆಲಸಕ್ಕೆ ಮೂಲೆಯೂ ಸಾಕಾಗುತ್ತದೆ.

ಮೂಲೆಗಳೆಲ್ಲ ಮುಚ್ಚಿಹೋದ ಮೇಲೆ ಆಟದ ಸ್ವರೂಪವೇ ಬದಲಾಗುತ್ತದೆ. ಮುತ್ತಿಗೆಯವರ ಕೈಯಲ್ಲಿ ಹೆಚ್ಚೆಂದರೆ ಹನ್ನೆರಡು ಕಾಯಿಗಳು ಉಳಿದಿರುತ್ತವೆ, ಅವುಗಳಿಂದ ಬಲೆ ನೇಯಬೇಕು. ಬೀಗದ ರಹಸ್ಯವೇ ಬಲೆಗೂ ಅನ್ವಯಿಸುತ್ತದೆ. ಓರೆಯಾಗಿ ಕೊಂಡಿ ಹಾಕಿಕೊಂಡ ಕಾಯಿಗಳ ನಡುವೆ ಯಾರೂ ತೂರಲಾರರು, ಆದ್ದರಿಂದ ಸುತ್ತುವ ಬಲೆಯನ್ನು ನೇರ ಸಾಲಿಗಿಂತ ಕಡಿಮೆ ಕಾಯಿಗಳಲ್ಲಿ ಓರೆಯಾಗಿ ಕಟ್ಟಬಹುದು. ರಾಜ ಮತ್ತು ಉಳಿದ ಎಲ್ಲ ಬಂಟರನ್ನು ಹೀಗೆ ಸಂದಿಲ್ಲದೆ ಸುತ್ತುವರಿದರೆ, ರಾಜನನ್ನು ಹಿಡಿಯದಿದ್ದರೂ ಮುತ್ತಿಗೆಯವರೇ ಗೆದ್ದಂತೆ ಎಂದು ಕೋಪನ್‌ಹೇಗನ್ ನಿಯಮ ಹೇಳುತ್ತದೆ. ‘ಎಲ್ಲ’ ಎಂಬ ಷರತ್ತಿನಿಂದ ರಾಜನ ಕಡೆಗೆ ಒಂದು ಸಣ್ಣ ಆಸರೆ ಸಿಗುತ್ತದೆ. ಬಲೆಯ ಹೊರಗೆ ಒಬ್ಬನೇ ಒಬ್ಬ ಬಂಟ ಉಳಿದಿದ್ದರೂ ಈ ಗೆಲುವು ಸಿದ್ಧಿಸುವುದಿಲ್ಲ, ಮುತ್ತಿಗೆಯವರು ಮೊದಲು ಅವನನ್ನು ಬೇಟೆಯಾಡಿ ಮುಗಿಸಬೇಕು. ತಿಳಿದವರು ಬಲೆ ಬಿಗಿಯಾಗುವ ಸೂಚನೆ ಕಂಡ ಕೂಡಲೇ ಒಬ್ಬನನ್ನು ಹೊರಗೆ ದಾಟಿಸಿರುತ್ತಾರೆ. ಹೊರಗಿನಿಂದ ಒತ್ತುವ ಬಂಟನಿದ್ದರೆ ಬಲೆಯ ಕಾಯಿಗಳನ್ನು ಒಳಗೂ ಹೊರಗೂ ನಿಂತು ಕಡಿಯುವ ಅವಕಾಶವೂ ಇರುತ್ತದೆ. ಬಲೆಯೊಳಗೆ ರಾಜ ಸಿಂಹಾಸನದ ಪಕ್ಕ ಸುಮ್ಮನೆ ನಿಲ್ಲುವುದು ಅಪಾಯ, ಏಕೆಂದರೆ ಅಲ್ಲಿ ಅವನನ್ನು ಹಿಡಿಯಲು ಒಂದು ಕಾಯಿ ಕಡಿಮೆ ಸಾಕು.

ಮೂಲೆ ಸಿಗದ ರಾಜನಿಗೆ ಕೋಪನ್‌ಹೇಗನ್ ನಿಯಮದಲ್ಲಿ ಇನ್ನೊಂದು ಗತಿಯೂ ಇದೆ, ಅಂಚಿನ ಕೋಟೆ. ರಾಜ ಅಂಚಿನ ಸಾಲಿನಲ್ಲಿದ್ದು, ಅವನಿಗೆ ಕದಲಲು ಜಾಗವಿದ್ದು, ಸುತ್ತ ನಿಂತ ಬಂಟರ ಗೋಡೆಯನ್ನು ಮುತ್ತಿಗೆಯವರು ಯಾವ ರೀತಿಯಲ್ಲೂ ಒಡೆಯಲಾಗದಿದ್ದರೆ ರಾಜನ ಕಡೆಯವರು ಗೆದ್ದರು. ಇದಕ್ಕೆ ನಾಲ್ಕು ಬಂಟರು ಸಾಕಾಗಬಹುದು. ರಾಜ ಚ1ರಲ್ಲಿದ್ದಾನೆ, ಪಕ್ಕದ ಛ1 ಖಾಲಿ, ಬಂಟರು ಙ1, ಚ2, ಛ2, ಜ1ರಲ್ಲಿ ನಿಂತಿದ್ದಾರೆ ಎಂದುಕೊಂಡರೆ ಕೋಟೆ ಪೂರ್ಣ. ಚ2 ಮತ್ತು ಛ2 ಒಬ್ಬರಿಗೊಬ್ಬರು ಭುಜ ಕೊಟ್ಟಿರುವುದರಿಂದ ಅವರನ್ನು ಅಡ್ಡಲಾಗಿ ಸಿಕ್ಕಿಸಲಾಗದು. ಮೇಲೆ ಕೆಳಗೆ ಸಿಕ್ಕಿಸಬೇಕಾದರೆ ರಾಜನ ಮನೆಗೋ ಒಳಗಿನ ಖಾಲಿ ಮನೆಗೋ ವೈರಿ ನುಗ್ಗಬೇಕು, ಅದೂ ಆಗದ ಮಾತು. ಙ1ರ ಬಂಟನ ಒಂದು ಪಕ್ಕದಲ್ಲಿ ರಾಜನಿದ್ದಾನೆ, ಜ1ರವನ ಒಂದು ಪಕ್ಕ ಒಳಗಿನ ಖಾಲಿ ಮನೆ. ಇಬ್ಬರ ಬೆನ್ನಿಗೂ ಹಲಗೆಯ ಅಂಚಿದೆ. ಛ1 ಖಾಲಿ ಇರದೆ ಅಲ್ಲೂ ಬಂಟನಿದ್ದರೆ ರಾಜ ಕದಲಲಾರ, ಆಗ ಅದು ಕೋಟೆಯಲ್ಲ.

ಮೂಲೆಯ ಬೀಗ ಹಾಕಿದ್ದಾಯಿತೆಂದು ಅಂಚುಗಳ ನಡುಭಾಗವನ್ನು ಪೂರ್ತಿ ಬಿಟ್ಟುಕೊಡುವ ಮುತ್ತಿಗೆಗಾರ ಸೋಲುವುದು ಹೆಚ್ಚಾಗಿ ಈ ಕೋಟೆಗೆ. ಕಟ್ಟುವಾಗ ನಾಲ್ಕು ಬಂಟರು ಒಟ್ಟಿಗೆ ಬರುವುದಿಲ್ಲ. ಇಬ್ಬರು ಬಂದಾಗಲೇ ಒಂದು ಕಾಯಿಯನ್ನು ಒಳಗಿನ ಖಾಲಿ ಮನೆಯಾಗಬೇಕಾದ ಜಾಗಕ್ಕೆ ನೂಕಿದರೆ ಕೋಟೆ ಕೂಡುವುದಿಲ್ಲ. ಮೂರನೆಯವನು ಬಂದ ಮೇಲೆ ಆ ಮನೆಗೆ ದಾರಿ ಸಿಗುವುದು ಕಷ್ಟ.